ಸಹಿ ಹಾಕುವ ಮೊದಲು: ಒಂದು ಕ್ಲಿನಿಕಲ್ ಟ್ರಯಲ್ ಮಾಹಿತಿ ಪತ್ರದ ಸಾರ

ಪ್ರಶ್ನೆ: ನನಗೆ 52 ವರ್ಷ. ಹಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಮೆಥೊಟ್ರೆಕ್ಸೇಟ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದರೂ ಬೆರಳು ಮತ್ತು ಮಣಿಕಟ್ಟಿನ ಊತ ಪೂರ್ತಿ ಇಳಿದಿಲ್ಲ. ಬಿಪಿಗೂ ಮಾತ್ರೆ ನಡೆಯುತ್ತಿದೆ. ಹೊಸ ಮಾತ್ರೆಯೊಂದರ ಟ್ರಯಲ್‌ಗೆ ಸೇರಬಹುದೆಂದು ನನ್ನ ವೈದ್ಯರು 28 ಪುಟಗಳ ಮಾಹಿತಿ ಪತ್ರ ಕೊಟ್ಟಿದ್ದಾರೆ. ಓದಿದೆ, ಆದರೆ ನನಗೆ ಅದರಿಂದ ಏನಾಗುತ್ತದೆ ಎಂಬುದು ಸ್ಪಷ್ಟವಾಗಲಿಲ್ಲ. ಉದ್ದೇಶ, ಅಪಾಯ, ನಡುವೆ ಬಿಡುವ ಹಕ್ಕು, ಪರಿಹಾರ ಇಷ್ಟನ್ನು ಸಾರವಾಗಿ ತಿಳಿಸುವಿರಾ? ಪತ್ರದ ಪ್ರತಿ ಕಳಿಸಿದ್ದೇನೆ.

ಉತ್ತರ:

ನೀವು ಕಳಿಸಿದ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಅದರಲ್ಲಿ ಇರಬೇಕಾದ ವಿಷಯಗಳೆಲ್ಲ ಬಹುಮಟ್ಟಿಗೆ ಇವೆ, ಆದರೆ ನಿಮಗೆ ಬೇಕಾದವು ಅವುಗಳ ಹೆಸರಿನ ಶೀರ್ಷಿಕೆಯ ಕೆಳಗೆ ಇಲ್ಲ. ಉದಾಹರಣೆಗೆ, ನಿಮ್ಮ ಮಟ್ಟಿಗೆ ಅತಿ ಮುಖ್ಯವಾದ ಅಪಾಯವು 'ಅಪಾಯಗಳು' ಎಂಬ ಭಾಗದಲ್ಲಿಲ್ಲ. ಅದು 'ಭೇಟಿಗಳು ಮತ್ತು ಪರೀಕ್ಷೆಗಳು' ಎಂಬ ಭಾಗದ ನಡುವೆ, ಒಂದೇ ವಾಕ್ಯದಲ್ಲಿ ಇದೆ. ಆದ್ದರಿಂದ ನಾನು ಪತ್ರದ ಕ್ರಮವನ್ನು ಅನುಸರಿಸದೆ, ಸೇರಿದರೆ ನಿಮ್ಮ ಈಗಿನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂಬ ಎಳೆಯನ್ನು ಹಿಡಿದು ಬರೆಯುತ್ತೇನೆ.

ಮೊದಲು ಇಡೀ ಪತ್ರದ ಸಾರ. ಇದು ಎರಡನೇ ಹಂತದ ಟ್ರಯಲ್. ಒಟ್ಟು 240 ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮೂರು ಸಮ ಗುಂಪುಗಳಾಗಿ ಹಂಚುತ್ತಾರೆ. ಒಂದು ಗುಂಪಿಗೆ ಹೊಸ ಮಾತ್ರೆಯ ಕಡಿಮೆ ಪ್ರಮಾಣ, ಇನ್ನೊಂದಕ್ಕೆ ಹೆಚ್ಚಿನ ಪ್ರಮಾಣ, ಮೂರನೆಯದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ, ಅಂದರೆ ಪ್ಲಾಸಿಬೊ. ಯಾರಿಗೆ ಯಾವುದು ಎಂಬುದು ನಿಮಗೂ ತಿಳಿಯದು, ನಿಮ್ಮನ್ನು ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಮೆಥೊಟ್ರೆಕ್ಸೇಟನ್ನು ಎಲ್ಲರೂ ಮೊದಲಿನಂತೆ ಮುಂದುವರಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನನ್ನು ಮಾತ್ರೆ ಶುರುವಾಗುವ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. 12ನೇ ವಾರದಲ್ಲಿ ಮುಖ್ಯ ಅಳತೆ ನಡೆಯುತ್ತದೆ. ಆ ನಂತರ ಪ್ಲಾಸಿಬೊ ಗುಂಪಿನವರಿಗೂ ಹೊಸ ಮಾತ್ರೆ ಕೊಟ್ಟು, 52ನೇ ವಾರದವರೆಗೆ ಗಮನಿಸುತ್ತಾರೆ. ಭೇಟಿಯ ಪ್ರಯಾಣ ವೆಚ್ಚ ಕೊಡುತ್ತಾರೆ, ಯಾವಾಗ ಬೇಕಾದರೂ ಕಾರಣ ಹೇಳದೆ ಬಿಡಬಹುದು, ಔಷಧದಿಂದ ನೇರವಾಗಿ ಆದ ಹಾನಿಗೆ ವೈದ್ಯಕೀಯ ವೆಚ್ಚವನ್ನು ಪ್ರಾಯೋಜಕ ಕಂಪನಿ ಭರಿಸುತ್ತದೆ. ಪತ್ರ ಹೇಳುವುದು ಇಷ್ಟು. ಇವುಗಳಲ್ಲಿ ಪ್ರತಿಯೊಂದೂ ನಿಮ್ಮ ವಿಷಯದಲ್ಲಿ ಏನು ಅರ್ಥ ಕೊಡುತ್ತದೆ ಎಂಬುದನ್ನು ಇನ್ನು ನೋಡೋಣ.

ಉದ್ದೇಶ

ಪತ್ರದ ಎರಡನೇ ಪುಟದಲ್ಲಿ 'ನಿಮ್ಮಂತಹ ರೋಗಿಗಳಲ್ಲಿ ಈ ಔಷಧ ಎಷ್ಟು ಪರಿಣಾಮಕಾರಿ ಮತ್ತು ಎಷ್ಟು ಸುರಕ್ಷಿತ ಎಂದು ತಿಳಿಯುವುದು' ಎಂದಿದೆ. ಇದನ್ನು ಓದಿದವರು ಸಹಜವಾಗಿಯೇ 'ನನ್ನ ಕೀಲುಗಳಿಗೆ ಇದು ಸರಿಹೋಗುತ್ತದೆಯೇ ಎಂದು ನೋಡುತ್ತಾರೆ' ಎಂದುಕೊಳ್ಳುತ್ತಾರೆ. ಹಾಗಲ್ಲ. ಎರಡನೇ ಹಂತದ ಟ್ರಯಲ್‌ನ ಮುಖ್ಯ ಕೆಲಸ, ಮುಂದಿನ ದೊಡ್ಡ ಟ್ರಯಲ್‌ಗೆ ಯಾವ ಪ್ರಮಾಣವನ್ನು ಒಯ್ಯಬೇಕು, ಒಯ್ಯುವುದು ಸಾರ್ಥಕವೇ ಎಂದು ನಿರ್ಧರಿಸುವುದು. ಉತ್ತರ ಸಿಗುವುದು ಗುಂಪುಗಳ ಹೋಲಿಕೆಯಿಂದ, ಒಬ್ಬೊಬ್ಬರ ಅನುಭವದಿಂದಲ್ಲ. ನಿಮ್ಮ ವೈದ್ಯರು ಸಾಮಾನ್ಯ ಚಿಕಿತ್ಸೆಯಲ್ಲಿ ನಿಮ್ಮ ಊತ ನೋಡಿ ಪ್ರಮಾಣ ಏರಿಳಿಸುತ್ತಾರೆ. ಇಲ್ಲಿ ಹಾಗೆ ಮಾಡುವಂತಿಲ್ಲ. ನಿಮ್ಮ ಪ್ರಮಾಣವನ್ನು ನಿರ್ಧರಿಸಿದ್ದು ಕಂಪ್ಯೂಟರಿನ ಯಾದೃಚ್ಛಿಕ ಪಟ್ಟಿ, ಮತ್ತು 12 ವಾರ ಅದು ಬದಲಾಗದು. ಸಂಶೋಧನೆಯನ್ನು ತನಗಾಗಿಯೇ ರೂಪಿಸಿದ ಚಿಕಿತ್ಸೆ ಎಂದು ಸ್ವಯಂಸೇವಕರು ಭಾವಿಸುವ ಈ ತಪ್ಪು ಗ್ರಹಿಕೆಯನ್ನು ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಗುರುತಿಸಿ ಹೆಸರಿಟ್ಟರು. ಚೆನ್ನಾಗಿ ಓದಿಕೊಂಡವರಲ್ಲೂ ಅದು ಕಾಣುತ್ತದೆ, ಏಕೆಂದರೆ ಅದೇ ಆಸ್ಪತ್ರೆ, ಅದೇ ವೈದ್ಯರು, ಅದೇ ರಕ್ತಪರೀಕ್ಷೆ ಇರುವಾಗ ಉದ್ದೇಶ ಮಾತ್ರ ಬೇರೆ ಎಂಬುದು ಮನಸ್ಸಿಗೆ ಬರುವುದು ಕಷ್ಟ.

ಉದ್ದೇಶವನ್ನು ಅಳೆಯುವ ಗಜವನ್ನೂ ತಿಳಿದುಕೊಳ್ಳಿ. ನಿಮ್ಮ ಪತ್ರದಲ್ಲಿ 'ಎಸಿಆರ್ 20 ತಲುಪಿದವರ ಶೇಕಡಾವಾರು' ಎಂದಿದೆ. ಅಂದರೆ ನೋವಿರುವ ಕೀಲುಗಳ ಸಂಖ್ಯೆ ಮತ್ತು ಊದಿದ ಕೀಲುಗಳ ಸಂಖ್ಯೆ ಎರಡೂ ಕನಿಷ್ಠ ಶೇ. 20ರಷ್ಟು ಇಳಿದಿರಬೇಕು, ಜೊತೆಗೆ ನೋವು, ನಿಮ್ಮ ಒಟ್ಟು ಅಂದಾಜು, ವೈದ್ಯರ ಒಟ್ಟು ಅಂದಾಜು, ದಿನದ ಕೆಲಸ ಮಾಡುವ ಶಕ್ತಿ, ರಕ್ತದಲ್ಲಿ ಉರಿಯೂತದ ಸೂಚಕ, ಈ ಐದರಲ್ಲಿ ಮೂರಾದರೂ ಅಷ್ಟೇ ಸುಧಾರಿಸಿರಬೇಕು. ಔಷಧಕ್ಕೆ ಪರಿಣಾಮವೇ ಇಲ್ಲದಿರುವುದನ್ನು ಪತ್ತೆಹಚ್ಚಲು ಇದು ಒಳ್ಳೆಯ ಗಜ. ಆದರೆ ಹತ್ತು ಕೀಲು ಊದಿದ್ದವರಿಗೆ ಎಂಟು ಊದಿ ಉಳಿದರೂ ಆ ಭಾಗದ ಷರತ್ತು ಪೂರೈಸಿದಂತಾಗುತ್ತದೆ. ಆದ್ದರಿಂದ ಟ್ರಯಲ್ 'ಯಶಸ್ವಿ' ಎಂದು ಮುಂದೆ ಸುದ್ದಿ ಬಂದರೂ, ನೀವು ಬಯಸುವ ಮಟ್ಟದ ಆರಾಮ ಅದರಲ್ಲಿದ್ದವರಿಗೆಲ್ಲ ಸಿಕ್ಕಿತು ಎಂದು ಅರ್ಥವಲ್ಲ.

ಇನ್ನೊಂದು ವಿಷಯ ಪತ್ರದಲ್ಲಿ ಇದೆ, ಆದರೆ ಎರಡೇ ಸಾಲಿನಲ್ಲಿದೆ: ಸೇರದಿದ್ದರೆ ನಿಮಗಿರುವ ಬೇರೆ ದಾರಿಗಳು. ಮೆಥೊಟ್ರೆಕ್ಸೇಟ್ ಸಾಲದವರಿಗೆ ಈಗಾಗಲೇ ಪರವಾನಗಿ ಪಡೆದ, ಹತ್ತಾರು ಸಾವಿರ ಜನರ ಅನುಭವವಿರುವ ಔಷಧಗಳಿವೆ: ಸಲ್ಫಾಸಲಜೀನ್ ಸೇರಿಸುವುದು, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು, ಮತ್ತು ಈ ಹೊಸ ಮಾತ್ರೆಯ ಹಾಗೆಯೇ ಜಾನಸ್ ಕೈನೇಸ್ ಎಂಬ ಕಿಣ್ವವನ್ನು ತಡೆಯುವ ಹಳೆಯ ಔಷಧಗಳು. 'ಪರ್ಯಾಯ ಚಿಕಿತ್ಸೆಗಳು ಲಭ್ಯವಿವೆ, ವೈದ್ಯರೊಂದಿಗೆ ಚರ್ಚಿಸಿ' ಎಂದಷ್ಟೇ ಬರೆದು ಬಿಡುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ನೀವು ಟ್ರಯಲನ್ನು ತೂಗಬೇಕಾದದ್ದು ಈಗಿನ ಸ್ಥಿತಿಯೊಂದಿಗಲ್ಲ, ಈ ಔಷಧಗಳೊಂದಿಗೆ. ಇವುಗಳಲ್ಲಿ ನಿಮಗೆ ಯಾವುದು ಹೊಂದುತ್ತದೆ, ಅದರ ಖರ್ಚನ್ನು ಯಾರು ಭರಿಸುತ್ತಾರೆ ಎಂದು ಮೊದಲು ಕೇಳಿ.

ಅಪಾಯ

ಅಪಾಯದ ಭಾಗದಲ್ಲಿ ಒಂದು ಪಟ್ಟಿ ಇದೆ. ಹಿಂದಿನ ಅಧ್ಯಯನದಲ್ಲಿ ಔಷಧ ಪಡೆದ 100 ಜನರಲ್ಲಿ 11 ಮಂದಿಗೆ ಮೂಗು-ಗಂಟಲಿನ ಸೋಂಕು, 6 ಮಂದಿಗೆ ಲಿವರ್ ಕಿಣ್ವಗಳ ಏರಿಕೆ, 2 ಮಂದಿಗೆ ಸರ್ಪಸುತ್ತು. ಪಕ್ಕದ ಕಂಬಸಾಲಿನಲ್ಲಿ ಪ್ಲಾಸಿಬೊ ಪಡೆದವರ ಅಂಕಿಗಳಿವೆ: 8, 3, ಮತ್ತು ಸೊನ್ನೆ. ಮೊದಲ ಅಂಕಿಯನ್ನಷ್ಟೇ ಓದಿದರೆ ನೆಗಡಿಯೇ ಈ ಔಷಧದ ದೊಡ್ಡ ತೊಂದರೆ ಎನಿಸುತ್ತದೆ. ಎರಡನ್ನೂ ಕಳೆದು ನೋಡಿ: ಸೋಂಕಿನಲ್ಲಿ ವ್ಯತ್ಯಾಸ 3, ಲಿವರ್ ಕಿಣ್ವದಲ್ಲಿ 3, ಸರ್ಪಸುತ್ತಿನಲ್ಲಿ 2. ಪ್ಲಾಸಿಬೊ ಗುಂಪಿನವರೂ ಮೆಥೊಟ್ರೆಕ್ಸೇಟ್ ಪಡೆಯುತ್ತಿದ್ದವರು, ಅವರಿಗೂ ಮಳೆಗಾಲ ಚಳಿಗಾಲದ ನೆಗಡಿ ಬರುತ್ತದೆ. ಔಷಧ ಹೆಚ್ಚಿಸಿದ್ದು ಎಷ್ಟು ಎಂಬುದನ್ನು ಈ ವ್ಯತ್ಯಾಸವೇ ಹೇಳುವುದು. ನೂರರಲ್ಲಿ ಇಬ್ಬರಿಗೆ ಎನ್ನುವ ಸಣ್ಣ ಅಂಕಿ ಕೂಡ ಪ್ಲಾಸಿಬೊದಲ್ಲಿ ಸೊನ್ನೆ ಇದ್ದಾಗ ಗಮನಿಸಬೇಕಾದದ್ದು. ಈ ಬಗೆಯ ಔಷಧಗಳಿಂದ ಸರ್ಪಸುತ್ತು ಹೆಚ್ಚುತ್ತದೆಂದು ಬೇರೆಡೆಯಿಂದಲೂ ತಿಳಿದಿದೆ. ಆದ್ದರಿಂದ ಸರ್ಪಸುತ್ತಿನ ಲಸಿಕೆಯನ್ನು ಸೇರುವ ಮೊದಲೇ ಹಾಕಿಸಿಕೊಳ್ಳಬಹುದೇ ಎಂದು ಕೇಳಿ. ಮಾತ್ರೆ ಶುರುವಾದ ಮೇಲೆ ಜೀವಂತ ವೈರಾಣುವಿನ ಲಸಿಕೆಗಳನ್ನು ಹಾಕಿಸಿಕೊಳ್ಳುವಂತಿಲ್ಲ ಎಂದು ಪತ್ರವೇ ಹೇಳುತ್ತದೆ.

ಪಟ್ಟಿಯಲ್ಲಿ ಕಾಣದ ಅಪಾಯಗಳ ಬಗ್ಗೆ 'ಇದುವರೆಗೆ ತಿಳಿಯದ ಅಡ್ಡಪರಿಣಾಮಗಳೂ ಇರಬಹುದು' ಎಂಬ ಸಾಲಿದೆ. ಎಲ್ಲ ಮಾಹಿತಿ ಪತ್ರಗಳಲ್ಲೂ ಇರುವ ಸಾಲಾದ್ದರಿಂದ ಕಣ್ಣು ಅದನ್ನು ದಾಟಿಬಿಡುತ್ತದೆ. ಆದರೆ ಅದಕ್ಕೆ ಅಳತೆಯಿದೆ. ಇದುವರೆಗೆ ಸುಮಾರು 300 ಜನ ಈ ಔಷಧ ಪಡೆದಿದ್ದಾರೆ ಎಂದು ಆರನೇ ಪುಟದಲ್ಲಿ ಬರೆದಿದೆ. ಒಂದು ತೊಂದರೆ ಆ 300 ಜನರಲ್ಲಿ ಒಬ್ಬರಿಗೂ ಆಗಿಲ್ಲವೆಂದರೆ, ಅದು ಆಗುವುದೇ ಇಲ್ಲ ಎನ್ನಲಾಗದು. ಸಂಖ್ಯಾಶಾಸ್ತ್ರಜ್ಞರು ಬಳಸುವ ಸರಳ ಲೆಕ್ಕದಂತೆ, ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಅದು ಆಗಬಹುದಾದ ಪ್ರಮಾಣದ ಗರಿಷ್ಠ ಮಿತಿ: ಇಲ್ಲಿ 300ಕ್ಕೆ 3, ಅಂದರೆ 100ಕ್ಕೆ ಒಬ್ಬರು. ನೂರರಲ್ಲಿ ಒಬ್ಬರಿಗೆ ಆಗುವಂತಹ ಗಂಭೀರ ತೊಂದರೆಯೊಂದು ಇದ್ದೂ ಇದುವರೆಗೆ ಕಾಣಿಸದೆ ಉಳಿದಿರಬಹುದು ಎಂದರ್ಥ. ಸಾವಿರಕ್ಕೆ ಒಬ್ಬರಿಗೆ ಆಗುವುದಂತೂ ಈ ಹಂತದಲ್ಲಿ ಕಾಣದೆ ಉಳಿಯುವ ಸಂಭವವೇ ಹೆಚ್ಚು. ಅದಲ್ಲದೆ, ಆ 300 ಜನರಲ್ಲಿ ಎಷ್ಟೋ ಮಂದಿ ಕೆಲವೇ ದಿನ ಮಾತ್ರೆ ನುಂಗಿದ ಆರೋಗ್ಯವಂತ ಸ್ವಯಂಸೇವಕರು. ಆದ್ದರಿಂದ 'ನನ್ನ ಕಾಯಿಲೆ ಇರುವವರಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಇದನ್ನು ಪಡೆದವರು ಎಷ್ಟು ಮಂದಿ?' ಎಂದು ಕೇಳುವುದು ಬಹಳ ಉಪಯುಕ್ತ ಪ್ರಶ್ನೆ. ಸಂಶೋಧಕರ ಬಳಿ ಇರುವ ಔಷಧದ ಕೈಪಿಡಿಯಲ್ಲಿ ಅದಕ್ಕೆ ಉತ್ತರ ಇರುತ್ತದೆ.

ಕಾಲ ಕಳೆದ ಮೇಲೆ ಅಪಾಯ ಹೊರಬರುವುದಕ್ಕೆ ಇದೇ ಗುಂಪಿನ ಔಷಧವೊಂದರ ಚರಿತ್ರೆ ಸಾಕ್ಷಿ. ನಿಮ್ಮ ಪತ್ರದ ಮಾತ್ರೆ, ಮೇಲೆ ಹೇಳಿದಂತೆ, ಜಾನಸ್ ಕೈನೇಸನ್ನು ತಡೆಯುವ ಬಗೆಯದು. ಆ ಬಗೆಯ ಟೋಫಾಸಿಟಿನಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಇದೇ ಕಾಯಿಲೆಗಾಗಿ 2012ರಲ್ಲಿ ಪರವಾನಗಿ ಸಿಕ್ಕಿತು. ಪರವಾನಗಿಯ ನಂತರ ನಡೆದ ದೊಡ್ಡ ಅಧ್ಯಯನವೊಂದು 50 ವರ್ಷ ದಾಟಿದ, ಹೃದಯದ ಕಾಯಿಲೆಗೆ ಕಾರಣವಾಗುವ ಒಂದಾದರೂ ಅಂಶವಿದ್ದ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿತು. ಟಿಎನ್‌ಎಫ್ ತಡೆಯುವ ಔಷಧ ಪಡೆದವರಿಗಿಂತ ಟೋಫಾಸಿಟಿನಿಬ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಕಂಡುಬಂದವು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಂಪಿನ ಔಷಧಗಳ ಮೇಲೆ ತನ್ನ ಅತ್ಯಂತ ಬಲವಾದ ಎಚ್ಚರಿಕೆಯನ್ನು ಬರೆಸಿತು. ನಿಮಗೆ 52 ವರ್ಷ ಮತ್ತು ಬಿಪಿ ಇದೆ. ಆ ಅಧ್ಯಯನದಲ್ಲಿದ್ದವರು ನಿಮ್ಮಂತಹವರೇ. ನಿಮ್ಮ ಪತ್ರ ಈ ಎಚ್ಚರಿಕೆಯನ್ನು 'ಇದೇ ಬಗೆಯ ಇತರ ಔಷಧಗಳಲ್ಲಿ ವರದಿಯಾಗಿವೆ' ಎಂದು ಉಲ್ಲೇಖಿಸಿದೆಯೇ ಹೊರತು ಯಾರಲ್ಲಿ ಎಂದು ಹೇಳಿಲ್ಲ. ಹೊಸ ಮಾತ್ರೆಯಿಂದಲೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ತಿಳಿಯುವುದಕ್ಕೆ 240 ಜನರ, 52 ವಾರದ ಟ್ರಯಲ್ ಸಾಲದು. ಆದರೆ ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಮುಖ ಅಥವಾ ಕೈ ಸೋಲುವುದು, ಇವುಗಳಲ್ಲಿ ಯಾವುದಾದರೂ ಆದರೆ ಮುಂದಿನ ಭೇಟಿಗೆ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ನೀವು ಮತ್ತು ಮನೆಯವರು ತಿಳಿದಿರಬೇಕು.

ಈಗ, ಆರಂಭದಲ್ಲಿ ಹೇಳಿದ 11ನೇ ಪುಟದ ಆ ವಾಕ್ಯಕ್ಕೆ ಬರುತ್ತೇನೆ: 'ಭಾಗವಹಿಸುವವರು ಹೈಡ್ರಾಕ್ಸಿಕ್ಲೋರೋಕ್ವಿನನ್ನು ಮೊದಲ ಡೋಸ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಬೇಕು.' ಇದನ್ನು ಯಾರೂ ಅಪಾಯ ಎಂದು ಬರೆದಿಲ್ಲ, ಏಕೆಂದರೆ ಇದು ಹೊಸ ಔಷಧದ ಅಡ್ಡಪರಿಣಾಮವಲ್ಲ. ಆದರೆ ಲೆಕ್ಕ ಹಾಕಿ. ನಾಲ್ಕು ವಾರ ಮೊದಲೇ ಒಂದು ಔಷಧ ನಿಂತಿತು. ಆಮೇಲೆ 12 ವಾರ. ಮೂವರಲ್ಲಿ ಒಬ್ಬರಿಗೆ ಪ್ಲಾಸಿಬೊ. ಆ ಒಬ್ಬರು ನೀವಾದರೆ 16 ವಾರಗಳ ಕಾಲ ಈಗಿನದಕ್ಕಿಂತ ಕಡಿಮೆ ಚಿಕಿತ್ಸೆಯಲ್ಲಿರುತ್ತೀರಿ, ಮತ್ತು ಆ ಅವಧಿಯಲ್ಲಿ ಸ್ಟೀರಾಯ್ಡ್ ಹೆಚ್ಚಿಸುವಂತಿಲ್ಲ, ಕೀಲಿಗೆ ಚುಚ್ಚುಮದ್ದು ಕೊಡಿಸುವಂತಿಲ್ಲ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಎಂದು ಮುಂದಿನ ಪುಟ ಹೇಳುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ದೇಹದಿಂದ ನಿಧಾನವಾಗಿ ಹೊರಹೋಗುವ ಔಷಧ; ಅದರ ಅರ್ಧದಷ್ಟು ಹೋಗಲು ಸುಮಾರು 40 ದಿನ ಬೇಕು. ಆದ್ದರಿಂದ ಮೊದಲ ಕೆಲವು ವಾರ ನಿಮಗೆ ಏನೂ ವ್ಯತ್ಯಾಸ ಕಾಣದಿರಬಹುದು, ತೊಂದರೆ ನಂತರ ಮೆಲ್ಲನೆ ಹೆಚ್ಚಬಹುದು. ಮರಳಿ ಶುರು ಮಾಡಿದರೂ ಅದರ ಪೂರ್ಣ ಪರಿಣಾಮ ಕಾಣಲು ಎರಡು ಮೂರು ತಿಂಗಳು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕು. ಹೊಸ ಮಾತ್ರೆಯ ನೆಗಡಿ, ಲಿವರ್ ಕಿಣ್ವಗಳಿಗಿಂತ ನಿಮ್ಮ ದಿನನಿತ್ಯಕ್ಕೆ ಇದು ಹೆಚ್ಚು ಹತ್ತಿರದ ಅಪಾಯ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಕೇಳಬೇಕಾದದ್ದು ಒಂದೇ: 12ನೇ ವಾರಕ್ಕೂ ಮೊದಲೇ ಕೀಲುಗಳು ತೀರ ಹದಗೆಟ್ಟರೆ ರಕ್ಷಣಾ ಚಿಕಿತ್ಸೆ ಇದೆಯೇ? ಕೆಲವು ಟ್ರಯಲ್‌ಗಳಲ್ಲಿ, ಇಂತಿಷ್ಟು ಸುಧಾರಣೆ ಕಾಣದವರಿಗೆ ನಿಗದಿತ ವಾರದಲ್ಲಿ ಬೇರೆ ಔಷಧ ಸೇರಿಸುವ ವ್ಯವಸ್ಥೆ ಇರುತ್ತದೆ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ. ಇಲ್ಲವೆಂದರೆ ಆಗ ನಿಮಗೆ ಉಳಿಯುವ ದಾರಿ ಟ್ರಯಲ್ ಬಿಡುವುದು ಮಾತ್ರ.

ಹೊರಬರುವ ಹಕ್ಕು

'ಯಾವುದೇ ಸಮಯದಲ್ಲಿ, ಕಾರಣ ನೀಡದೆ, ನಿಮ್ಮ ಮುಂದಿನ ಚಿಕಿತ್ಸೆಗೆ ಧಕ್ಕೆಯಾಗದಂತೆ ಹಿಂದೆ ಸರಿಯಬಹುದು.' ಈ ಮಾತು, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೈತಿಕ ನಿಯಮಗಳನ್ನು ಹೇಳುವ, 1964ರಲ್ಲಿ ಮೊದಲು ಅಂಗೀಕಾರವಾದ ಹೆಲ್ಸಿಂಕಿ ಘೋಷಣೆಯ ತಿರುಳಿನಲ್ಲೇ ಇದೆ. ಯಾವ ಪ್ರಾಯೋಜಕರೂ ಇದನ್ನು ಮೊಟಕುಗೊಳಿಸುವಂತಿಲ್ಲ. ಹಕ್ಕು ಪೂರ್ಣವಾದದ್ದೇ, ಆದರೆ ಅದು ನಿಮ್ಮನ್ನು ಸೇರುವ ಹಿಂದಿನ ದಿನದ ಸ್ಥಿತಿಗೆ ಮರಳಿಸುವುದಿಲ್ಲ. ಮೇಲೆ ಹೇಳಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೆಕ್ಕವನ್ನೇ ತೆಗೆದುಕೊಳ್ಳಿ: ಎಂಟನೇ ವಾರದಲ್ಲಿ ನೋವು ತಾಳಲಾರದೆ ಬಿಟ್ಟಿರಿ ಎಂದಿಟ್ಟುಕೊಂಡರೆ, ಅಂದೇ ಹಳೆಯ ಔಷಧ ಶುರು ಮಾಡಿದರೂ ಅದು ಕೈಹಿಡಿಯುವವರೆಗೆ ಇನ್ನೂ ತಿಂಗಳುಗಳು. ಆದ್ದರಿಂದ 'ಬಿಟ್ಟ ದಿನದಿಂದ ನನ್ನ ಚಿಕಿತ್ಸೆಯ ಯೋಜನೆ ಏನು, ಅದನ್ನು ಯಾರು ನೋಡಿಕೊಳ್ಳುತ್ತಾರೆ?' ಎಂಬುದನ್ನು ಸೇರುವ ಮೊದಲೇ ನಿರ್ಧರಿಸಿಕೊಳ್ಳಬೇಕು.

ಹೊರಬರುವುದು ಒಂದೇ ಹೆಜ್ಜೆಯಲ್ಲ ಎಂಬುದೂ ಪತ್ರದಲ್ಲಿ ಸ್ಪಷ್ಟವಾಗಿಲ್ಲ. ಮಾತ್ರೆಯನ್ನು ಮಾತ್ರ ನಿಲ್ಲಿಸಿ, ಭೇಟಿಗಳಿಗೆ ಬರುತ್ತಿರಬಹುದು. ಇದರಿಂದ ನಿಮ್ಮ ಲಿವರ್, ರಕ್ತಕಣಗಳ ಮೇಲೆ ಕಣ್ಣಿಟ್ಟಂತಾಗುತ್ತದೆ, ಅಧ್ಯಯನಕ್ಕೂ ಅದು ಬಹಳ ಬೆಲೆಯುಳ್ಳದ್ದು, ಏಕೆಂದರೆ ತೊಂದರೆಯಾದವರೇ ಲೆಕ್ಕದಿಂದ ಕಳೆದುಹೋದರೆ ಔಷಧ ನಿಜಕ್ಕಿಂತ ಒಳ್ಳೆಯದಾಗಿ ತೋರುತ್ತದೆ. ಇಲ್ಲವೇ ಮಾತ್ರೆ, ಭೇಟಿ ಎರಡನ್ನೂ ನಿಲ್ಲಿಸಬಹುದು. ಆಗಲೂ ಕೊನೆಯ ಸುರಕ್ಷತಾ ಪರೀಕ್ಷೆಗೆ ಒಮ್ಮೆ ಬನ್ನಿ ಎಂದು ಕೇಳಿಕೊಳ್ಳುತ್ತಾರೆ. ಕೇಳಿಕೊಳ್ಳಬಹುದು, ಒತ್ತಾಯಿಸುವಂತಿಲ್ಲ. ನಾನಾದರೆ ಆ ಒಂದು ಭೇಟಿಗೆ ಹೋಗಿ ಬನ್ನಿ ಎಂದೇ ಹೇಳುತ್ತೇನೆ, ಏಕೆಂದರೆ ಮಾತ್ರೆಯಿಂದ ಏರಿದ ಲಿವರ್ ಕಿಣ್ವ ಇಳಿದಿದೆಯೇ ಎಂದು ತಿಳಿಯಬೇಕಾದದ್ದು ನಿಮಗೆ.

ಬಿಟ್ಟ ದಿನದವರೆಗೆ ಸಂಗ್ರಹವಾದ ಮಾಹಿತಿಯನ್ನು ಅಳಿಸುವುದಿಲ್ಲ ಎಂದು 19ನೇ ಪುಟ ಹೇಳುತ್ತದೆ. ಅದು ಸಾಮಾನ್ಯ ನಿಯಮ, ಮತ್ತು ನ್ಯಾಯವಾದದ್ದೂ ಹೌದು. ಬೇಕಾದಂತೆ ಅಳಿಸಲು ಅವಕಾಶವಿದ್ದರೆ ಅಡ್ಡಪರಿಣಾಮಗಳ ದಾಖಲೆಯನ್ನು ನಂಬಲಾಗದು. ರಕ್ತದ ಮಾದರಿಗಳ ವಿಷಯ ಬೇರೆ. ಟ್ರಯಲ್‌ಗೆ ಬೇಕಾದ ಮಾದರಿಗಳ ಜೊತೆಗೆ, 'ಭವಿಷ್ಯದ ಸಂಶೋಧನೆಗಾಗಿ' ವಂಶವಾಹಿ ಪರೀಕ್ಷೆಗೆ ಹೆಚ್ಚುವರಿ ರಕ್ತವನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಒಪ್ಪಿಗೆ ಪತ್ರದ ಕೊನೆಯಲ್ಲಿ ಪ್ರತ್ಯೇಕ ಚೌಕವಿದೆ. ಅದನ್ನು ಗುರುತು ಮಾಡದೆ ಬಿಟ್ಟರೂ ನೀವು ಟ್ರಯಲ್‌ಗೆ ಸೇರಬಹುದು. ಗುರುತು ಮಾಡಿದರೆ, ಆ ಮಾದರಿಯಿಂದ ನಿಮ್ಮ ಗುರುತಿನ ಸಂಖ್ಯೆಯನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಅದನ್ನು ಹುಡುಕಿ ನಾಶಮಾಡಲು ಯಾರಿಂದಲೂ ಆಗದು. ಆದ್ದರಿಂದ ಮನಸ್ಸು ಬದಲಾದರೆ ಬೇಗ ತಿಳಿಸಬೇಕು.

ಒಂದು ಸೂಕ್ಷ್ಮ ಸಂಗತಿ: ನಿಮ್ಮನ್ನು ಇಷ್ಟು ವರ್ಷ ನೋಡಿಕೊಂಡ ವೈದ್ಯರೇ ಈ ಟ್ರಯಲ್‌ನ ಸಂಶೋಧಕರೂ ಆಗಿದ್ದಾರೆಂದು ಪತ್ರದ ಮೊದಲ ಪುಟದಿಂದ ತಿಳಿಯಿತು. ಅವರ ಉದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ತಮ್ಮ ವೈದ್ಯರಿಗೆ 'ಬೇಡ' ಎನ್ನಲು ರೋಗಿಗಳಿಗೆ ಸಂಕೋಚವಾಗುವುದನ್ನು, ಟ್ರಯಲ್‌ಗಳನ್ನು ಪರಿಶೀಲಿಸಿ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ನಾನು ಕೂತಷ್ಟು ಕಾಲವೂ ಕಂಡಿದ್ದೇನೆ. ಇಂತಹ ಸಂಬಂಧ ಇರುವಲ್ಲಿ ಆ ರೋಗಿಯ ಚಿಕಿತ್ಸೆಯಲ್ಲಿ ಭಾಗಿಯಲ್ಲದ ಅರ್ಹರೊಬ್ಬರು ಒಪ್ಪಿಗೆ ಪಡೆಯಬೇಕೆಂದು ಹೆಲ್ಸಿಂಕಿ ಘೋಷಣೆಯೇ ಹೇಳುತ್ತದೆ. 'ಒಪ್ಪಿಗೆಯ ಮಾತುಕತೆಯನ್ನು ಬೇರೆ ವೈದ್ಯರೊಂದಿಗೆ ಮಾಡಬಯಸುತ್ತೇನೆ' ಎಂದು ನೀವು ಕೇಳಿದರೆ ಅದು ಅಗೌರವವಲ್ಲ.

ನಿಮ್ಮನ್ನು ಅವರೇ ಹೊರಗಿಡುವ ಸಂದರ್ಭಗಳೂ ಇವೆ: ಲಿವರ್ ಕಿಣ್ವ ನಿಗದಿತ ಮಿತಿ ಮೀರಿದರೆ, ಕ್ಷಯದ ಪರೀಕ್ಷೆಯಲ್ಲಿ ಸೋಂಕು ಕಂಡರೆ, ಕಂಪನಿ ಟ್ರಯಲನ್ನೇ ನಿಲ್ಲಿಸಿದರೆ. ಔಷಧದಿಂದ ನಿಮಗೆ ಒಳ್ಳೆಯದಾಗಿದ್ದರೂ ಕೊನೆಯ ಕಾರಣಕ್ಕೆ ಅದು ನಿಂತುಹೋಗಬಹುದು, ಮತ್ತು 52ನೇ ವಾರದ ನಂತರ ಔಷಧ ಮುಂದುವರಿಸಿ ಕೊಡುವ ಭರವಸೆ ಈ ಪತ್ರದಲ್ಲಿಲ್ಲ.

ಪರಿಹಾರ

ಪತ್ರದಲ್ಲಿ ಹಣದ ಮಾತು ಮೂರು ಕಡೆ ಬರುತ್ತದೆ, ಮೂರೂ ಬೇರೆ ಬೇರೆ. ಒಂದು, ಪ್ರಯಾಣ ಮತ್ತು ಊಟದ ಖರ್ಚಿನ ಮರುಪಾವತಿ. ಎರಡು, ನಿಮ್ಮ ಸಮಯ ಮತ್ತು ತೊಂದರೆಗೆ ಕೊಡುವ ಮೊತ್ತ. ಮೂರು, ಹಾನಿಯಾದರೆ ಸಿಗುವ ಪರಿಹಾರ. ಮೊದಲನೆಯದರ ಬಗ್ಗೆ ಹೇಳಲು ಹೆಚ್ಚಿಲ್ಲ. ಜೊತೆಗೆ ಬರುವವರ ಖರ್ಚೂ ಸೇರಿದೆಯೇ ಎಂದು ಕೇಳಿ. ಎರಡನೆಯದನ್ನು ಪ್ರತಿ ಭೇಟಿಗೆ ಇಂತಿಷ್ಟು ಎಂದು ಲೆಕ್ಕ ಹಾಕಿ ಕೊಡುತ್ತಾರೆ ಎಂದಿದೆ, ಅದು ಸರಿಯಾದ ಕ್ರಮ. ಹಣವೆಲ್ಲ ಟ್ರಯಲ್ ಪೂರ್ತಿ ಮುಗಿಸಿದರೆ ಮಾತ್ರ ಎಂದು ಷರತ್ತು ಹಾಕಿದರೆ ಹೊರಬರುವ ಹಕ್ಕಿಗೆ ಅರ್ಥವಿರುವುದಿಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನು ಒಪ್ಪುವುದಿಲ್ಲ.

ಮೂರನೆಯದನ್ನು ಪದಪದವಾಗಿ ಓದಬೇಕು. ನಿಮ್ಮ ಪತ್ರದ ವಾಕ್ಯ ಹೀಗಿದೆ: 'ಅಧ್ಯಯನದ ಔಷಧ ಅಥವಾ ಅಧ್ಯಯನಕ್ಕಾಗಿಯೇ ಮಾಡಿದ ಪರೀಕ್ಷೆಯಿಂದ ನೇರವಾಗಿ ಉಂಟಾದ ಹಾನಿಗೆ ಸಮಂಜಸವಾದ ವೈದ್ಯಕೀಯ ವೆಚ್ಚವನ್ನು ಪ್ರಾಯೋಜಕರು ಭರಿಸುವರು. ಕಾಯಿಲೆಯ ಸಹಜ ಬೆಳವಣಿಗೆಯಿಂದ ಆದ ತೊಂದರೆಗಳಿಗೆ ಇದು ಅನ್ವಯಿಸುವುದಿಲ್ಲ.' ಇದರಲ್ಲಿ ನಾಲ್ಕು ಮಾತುಗಳ ಮೇಲೆ ಬೆರಳಿಡಿ.

'ನೇರವಾಗಿ' ಎಂದು ಯಾರು ತೀರ್ಮಾನಿಸುತ್ತಾರೆ? ನಿಮ್ಮ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು ಎಂದುಕೊಳ್ಳಿ. ಅದು ಮಾತ್ರೆಯಿಂದಲೂ ಆಗಬಹುದು, ಉರಿಯೂತದ ಕಾಯಿಲೆಯಿಂದಲೂ ಆಗಬಹುದು, ಇಬ್ಬರು ತಜ್ಞರು ಬೇರೆ ಬೇರೆ ಹೇಳಬಹುದು. ಸಂಶೋಧಕರು ಪ್ರತಿ ಗಂಭೀರ ತೊಂದರೆಗೂ 'ಔಷಧಕ್ಕೆ ಸಂಬಂಧವಿದೆ' ಅಥವಾ 'ಇಲ್ಲ' ಎಂದು ದಾಖಲಿಸುತ್ತಾರೆ, ಕಂಪನಿಯೂ ತನ್ನ ಅಭಿಪ್ರಾಯ ಬರೆಯುತ್ತದೆ. ಅವರ ತೀರ್ಮಾನವೇ ಅಂತಿಮವೋ, ನೈತಿಕ ಸಮಿತಿ ಅಥವಾ ಸ್ವತಂತ್ರ ತಜ್ಞರ ಮಂಡಳಿ ನೋಡುತ್ತದೆಯೋ ಎಂದು ಬರವಣಿಗೆಯಲ್ಲಿ ಕೇಳಿ. ಇನ್ನೂ ಮುಖ್ಯವಾಗಿ, ಆ ತೀರ್ಮಾನ ಆಗುವವರೆಗೆ ಆಸ್ಪತ್ರೆಯ ಬಿಲ್ ಕಟ್ಟುವವರು ಯಾರು ಎಂದು ಕೇಳಿ.

'ವೈದ್ಯಕೀಯ ವೆಚ್ಚ' ಎಂದರೆ ಚಿಕಿತ್ಸೆಯ ಖರ್ಚು ಅಷ್ಟೇ. ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ, ಶಾಶ್ವತ ಊನ, ಸಾವು ಸಂಭವಿಸಿದರೆ ಕುಟುಂಬಕ್ಕೆ ಸಲ್ಲಬೇಕಾದದ್ದು, ಇವು ಆ ಪದದೊಳಗೆ ಬರುವುದಿಲ್ಲ. ಇವುಗಳಿಗೂ ಪರಿಹಾರ ಕೊಡಬೇಕೇ ಎಂಬುದು ದೇಶದ ಕಾನೂನಿನ ಮೇಲೆ ನಿಂತಿದೆ. ಅಮೆರಿಕದ ಒಕ್ಕೂಟ ನಿಯಮಗಳು ಪರಿಹಾರ ಇದೆಯೋ ಇಲ್ಲವೋ ಎಂದು ತಿಳಿಸಬೇಕೆನ್ನುತ್ತವೆ, ಕೊಡಲೇಬೇಕೆನ್ನುವುದಿಲ್ಲ. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಟ್ರಯಲ್‌ಗೆ ಸಂಬಂಧಿಸಿದ ಗಾಯ ಅಥವಾ ಸಾವಿಗೆ ಉಚಿತ ಚಿಕಿತ್ಸೆಯ ಜೊತೆಗೆ ಆರ್ಥಿಕ ಪರಿಹಾರವನ್ನೂ ಕಡ್ಡಾಯ ಮಾಡಿವೆ. ನಿಮಗೆ ಅನ್ವಯಿಸುವ ಕಾನೂನು ಪತ್ರದ ವಾಕ್ಯಕ್ಕಿಂತ ಹೆಚ್ಚು ಕೊಡುವುದಾದರೆ, ಪತ್ರದ ವಾಕ್ಯ ಅದನ್ನು ಕಡಿಮೆ ಮಾಡಲಾರದು.

'ಸಮಂಜಸ' ಎಂಬ ಪದದ ಜೊತೆಗೆ, ನಿಮ್ಮ ಆರೋಗ್ಯ ವಿಮೆ ಮೊದಲು ಕಟ್ಟಬೇಕೇ ಎಂಬುದನ್ನು ಕೇಳಿ. ಸಂಶೋಧನೆಯಿಂದಾದ ಹಾನಿಗೆ ಕೆಲವು ವಿಮೆಗಳು ಹಣ ಕೊಡುವುದಿಲ್ಲ. ಕಂಪನಿಯೂ ವಿಮೆಯೂ ಒಬ್ಬರನ್ನೊಬ್ಬರು ತೋರಿಸುತ್ತ ಕುಳಿತರೆ ನಡುವೆ ಸಿಕ್ಕಿಕೊಳ್ಳುವವರು ರೋಗಿ.

ನಾಲ್ಕನೆಯದು, 'ಕಾಯಿಲೆಯ ಸಹಜ ಬೆಳವಣಿಗೆ'. ನಿಮ್ಮ ಪತ್ರದ ಎಲ್ಲ ಎಳೆಗಳು ಬಂದು ಗಂಟಾಗುವುದು ಇಲ್ಲಿ. ಟ್ರಯಲ್‌ಗಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಿ, ಪ್ಲಾಸಿಬೊ ಗುಂಪಿಗೆ ಬಿದ್ದು, ಮಣಿಕಟ್ಟಿನ ಮೂಳೆ ಸವೆಯುವಷ್ಟು ಕಾಯಿಲೆ ಉಲ್ಬಣಿಸಿದರೆ ಅದು ಹೊಸ ಔಷಧದಿಂದ ಆದದ್ದಲ್ಲ. ನೀವು ಔಷಧ ಪಡೆದೇ ಇಲ್ಲ. ಪರೀಕ್ಷೆಯಿಂದ ಆದದ್ದೂ ಅಲ್ಲ. ಈ ವಾಕ್ಯದಂತೆ ಅದು ಕಾಯಿಲೆಯ ಸಹಜ ಬೆಳವಣಿಗೆ, ಪರಿಹಾರವಿಲ್ಲ. ಆದರೆ ಟ್ರಯಲ್‌ಗೆ ಸೇರದಿದ್ದರೆ ಆ ಔಷಧ ನಿಲ್ಲುತ್ತಿರಲಿಲ್ಲ. ಸಂಬಂಧಿಸಿದ ಹಾನಿ ಯಾವುದು ಎಂದು ಪಟ್ಟಿ ಮಾಡುವಾಗ ಭಾರತದ ನಿಯಮಗಳು, ಪ್ಲಾಸಿಬೊ ಬಳಸುವ ಟ್ರಯಲ್‌ನಲ್ಲಿ ಲಭ್ಯವಿರುವ ಪ್ರಮಾಣಿತ ಚಿಕಿತ್ಸೆಯನ್ನು ಕೊಡದಿರುವುದನ್ನೂ ಹೆಸರಿಸಿ ಹೇಳಿವೆ. ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಆದ್ದರಿಂದ ಸಂಶೋಧಕರಿಗೆ ಹೀಗೆ ಬರೆದು ಕೇಳಿ: 'ಟ್ರಯಲ್‌ನ ನಿಯಮದಂತೆ ನನ್ನ ಔಷಧವನ್ನು ನಿಲ್ಲಿಸಿದ್ದರಿಂದ ಅಥವಾ ಪ್ಲಾಸಿಬೊ ಪಡೆದಿದ್ದರಿಂದ ನನ್ನ ಕೀಲುಗಳಿಗೆ ಆಗುವ ಹಾನಿಯನ್ನು ಪ್ರಾಯೋಜಕರು ಟ್ರಯಲ್‌ಗೆ ಸಂಬಂಧಿಸಿದ ಹಾನಿ ಎಂದು ಪರಿಗಣಿಸುವರೇ? ಅದಕ್ಕೆ ಚಿಕಿತ್ಸೆ ಮತ್ತು ಪರಿಹಾರ ಎರಡೂ ಇವೆಯೇ?'

ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ, ಉತ್ತರ ಬರವಣಿಗೆಯಲ್ಲಿ ಇರಲಿ. ಸಂಶೋಧಕರ ಉತ್ತರ ಅಸ್ಪಷ್ಟವಾಗಿದ್ದರೆ ಪತ್ರದ ಕೊನೆಯ ಪುಟದಲ್ಲಿ ನೈತಿಕ ಸಮಿತಿಯ ಸಂಪರ್ಕ ವಿವರವಿದೆ. ನಿಮ್ಮ ವೈದ್ಯರ ಮೂಲಕ ಹೋಗದೆ ನೇರವಾಗಿ ಅಲ್ಲಿ ಕೇಳಬಹುದು, ಸೇರುವ ಮೊದಲೂ ಕೇಳಬಹುದು. ಒಪ್ಪಿಗೆ ಪತ್ರದಲ್ಲಿ ನಿಮ್ಮ ಕಾನೂನುಬದ್ಧ ಹಕ್ಕನ್ನು ಬಿಟ್ಟುಕೊಟ್ಟಂತೆ ಓದುವ ಯಾವ ಸಾಲೂ ಇರಬಾರದು. ನೀವು ಕಳಿಸಿದ ಪ್ರತಿಯಲ್ಲಿ ಅಂತಹ ಸಾಲು ನನಗೆ ಕಂಡಿಲ್ಲ. ಆದರೆ ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಇರುತ್ತದೆ, ಸಹಿ ಮಾಡುವ ದಿನ ಕೊಡುವ ಪ್ರತಿ ಇದೇ ಆವೃತ್ತಿಯೇ ಎಂದು ಹೋಲಿಸಿ ನೋಡಿ, ಸಹಿಯಾದ ಪ್ರತಿಯೊಂದನ್ನು ಕೈಗೆ ಪಡೆದು ಮನೆಗೆ ಬನ್ನಿ. ಹೈಡ್ರಾಕ್ಸಿಕ್ಲೋರೋಕ್ವಿನನ್ನು ಅಲ್ಲಿಯವರೆಗೆ ನಿಲ್ಲಿಸಬೇಡಿ. ಔಷಧ ನಿಲ್ಲಿಸುವುದೂ ಟ್ರಯಲ್‌ನ ಭಾಗವೇ ಆದ್ದರಿಂದ ಅದು ಶುರುವಾಗಬೇಕಾದದ್ದು ನಿಮ್ಮ ಸಹಿಯ ನಂತರ.